ಆಫರ್ ಮೇಲ್‌ನಲ್ಲಿ 4.8 ಲಕ್ಷ ಅಂತಿದೆ, ಅಪ್ಪನಿಗೆ ಕನ್ನಡದಲ್ಲಿ ಹೇಗೆ ಬರೆಯಲಿ?

ಪ್ರಶ್ನೆ: ನಾನು ಕಲಬುರಗಿಯ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಬೆಂಗಳೂರಿನಿಂದ ಹೊಸ ನೌಕರಿಯ ಆಫರ್ ಮೇಲ್ ಬಂದಿದೆ. ಅಪ್ಪ, ಅವ್ವ ಶಹಾಪುರದ ಹತ್ತಿರ ಹಳ್ಳಿಯಲ್ಲಿದ್ದಾರೆ, ಇಂಗ್ಲಿಷ್ ಬರುವುದಿಲ್ಲ. ಪಗಾರ, ನೋಟಿಸ್ ಪೀರಿಯಡ್, ಸೇರುವ ದಿನ ಯಾವುದೂ ತಪ್ಪಾಗದಂತೆ ವಾಟ್ಸಾಪ್‌ನಲ್ಲಿ ಕಳಿಸುವುದು ಹೇಗೆ?

ಉತ್ತರ: ಮೊದಲು ಪಗಾರ. ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ. ನಿಮ್ಮ ಮೇಲ್‌ನಲ್ಲಿ ಸಿಟಿಸಿ 4,80,000 ಎಂದಿದೆ. ಅದನ್ನು "ವರ್ಷಕ್ಕೆ ಪಗಾರ 4 ಲಕ್ಷ 80 ಸಾವಿರ" ಎಂದು ಬರೆದರೆ ಅಪ್ಪ ಹನ್ನೆರಡರಿಂದ ಭಾಗಿಸುತ್ತಾರೆ. "ತಿಂಗಳಿಗೆ ನಲವತ್ತು ಸಾವಿರ" ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅದನ್ನೇ ನಂಬಿ ಟ್ರ್ಯಾಕ್ಟರ್ ಕಂತಿಗೆ ಒಪ್ಪಿಕೊಂಡರೆ ತಪ್ಪು ಅವರದಲ್ಲ. ಸಿಟಿಸಿ ಅಂದರೆ ನಿಮ್ಮ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದೆಲ್ಲ ಕೈಗೆ ಬರುವುದಿಲ್ಲ.

ಮೇಲ್ ಜೊತೆಗಿರುವ ಪಟ್ಟಿಯನ್ನೇ ನೋಡಿ. ಅದರಲ್ಲಿ 48,000 ವೇರಿಯಬಲ್ ಪೇ. ವರ್ಷದ ಕೊನೆಗೆ ಕೆಲಸ ನೋಡಿ ಕೊಡುತ್ತಾರೆ, ಪೂರ್ತಿ ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. ಕಂಪನಿ ಕಟ್ಟುವ ಪಿಎಫ್ 21,600. ಗ್ರಾಚ್ಯುಟಿ 10,400, ಅದು ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆ ಸಿಗುವ ಹಣ. ಇವನ್ನು ಕಳೆದರೆ ಉಳಿಯುವುದು 4,00,000, ತಿಂಗಳಿಗೆ 33,333. ಇದರಲ್ಲೂ ನಿಮ್ಮ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಹಿಡಿದುಕೊಳ್ಳುತ್ತಾರೆ. ಕೈಗೆ ಬರುವುದು ಸುಮಾರು 31,300. ನಲವತ್ತಕ್ಕೂ ಇದಕ್ಕೂ ಎಷ್ಟು ಅಂತರ, ಅಲ್ವಾ?

ಹಾಗಂತ 4,80,000 ಅನ್ನೋ ಸಂಖ್ಯೆಯನ್ನು ಬಿಟ್ಟುಬಿಡಬೇಡಿ. ನಾಳೆ ಯಾರಾದರೂ ಲೆಟರ್ ಓದಿ ಹೇಳಿದರೆ "ಮಗ ಕಡಿಮೆ ಹೇಳಿದ" ಅನ್ನಿಸುತ್ತದೆ. ಎರಡನ್ನೂ ಬರೆಯಿರಿ. ಕಂಪನಿ ಬರೆದದ್ದು ಯಾವುದು, ನೀವು ಲೆಕ್ಕ ಹಾಕಿದ್ದು ಯಾವುದು ಅಂತ ಬಿಡಿಸಿ ಹೇಳಿ.

ಇನ್ನು ನೋಟಿಸ್. ಹಳ್ಳಿಯಲ್ಲಿ ನೋಟಿಸ್ ಅಂದರೆ ಬ್ಯಾಂಕಿನದೋ ಕೋರ್ಟಿನದೋ. ಸುಮ್ನೆ "60 ದಿನ ನೋಟಿಸ್" ಅಂತ ಕಳಿಸಿದರೆ ಅವ್ವ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಅದು ಏನು ಅಂತ ಒಂದು ವಾಕ್ಯದಲ್ಲಿ ಹೇಳಿ: ಕೆಲಸ ಬಿಡುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು ಅನ್ನುವ ಕರಾರು. ನಿಮ್ಮ ಮೇಲ್‌ನಲ್ಲಿ ಇದು ಎರಡು ಥರ ಇದೆ. ಮೊದಲ ಆರು ತಿಂಗಳ ಪ್ರೊಬೇಷನ್‌ನಲ್ಲಿ 15 ದಿನ, ಕೆಲಸ ಖಾಯಂ ಆದ ಮೇಲೆ 60 ದಿನ. ಕರಾರು ಎರಡೂ ಕಡೆಗೆ ಅನ್ನುವುದನ್ನು ಬಿಡಬೇಡಿ. ಕಂಪನಿ ತೆಗೆಯುವುದಾದರೂ ಅಷ್ಟೇ ದಿನ ಮುಂಚೆ ಹೇಳಬೇಕು, ಇಲ್ಲವೇ ಅಷ್ಟು ದಿನದ ಪಗಾರ ಕೊಡಬೇಕು.

ಇದರ ಜೊತೆ ಈಗಿನ ಕಂಪನಿಯ 30 ದಿನ ಬೆರೆಯದಿರಲಿ. ಅದು ಬೇರೆ ಲೆಕ್ಕ, ಸೇರುವ ದಿನ ನಿಂತಿರುವುದೇ ಅದರ ಮೇಲೆ. ಹೊಸ ಕಂಪನಿಗೆ ಜೂನ್ 12ರೊಳಗೆ ಒಪ್ಪಿಗೆ ಕಳಿಸಬೇಕು. ಜೂನ್ 15ಕ್ಕೆ ಇಲ್ಲಿ ರಾಜೀನಾಮೆ ಕೊಟ್ಟರೆ ಜುಲೈ ಮಧ್ಯದ ಹೊತ್ತಿಗೆ 30 ದಿನ ಮುಗಿಯುತ್ತದೆ. ಸೇರಬೇಕಾದದ್ದು ಜುಲೈ 20ಕ್ಕೆ. ರಾಜೀನಾಮೆ ಒಂದು ವಾರ ತಡವಾದರೂ ದಿನ ತಪ್ಪುತ್ತದೆ. ತಾರೀಖನ್ನು 20/7 ಅಂತ ಬರೆಯುವ ಬದಲು ತಿಂಗಳ ಹೆಸರು ಬರೆಯಿರಿ.

ಮೇಲ್‌ನ ಕೊನೆಯಲ್ಲಿ ಸಣ್ಣದಾಗಿ ಒಂದು ಷರತ್ತೂ ಇದೆ: ದಾಖಲೆ ಪರಿಶೀಲನೆ ಸರಿಯಾದರೆ ಮಾತ್ರ ಕೆಲಸ. ಖುಷಿಯ ಸುದ್ದಿಯಲ್ಲಿ ಇದನ್ನೇಕೆ ಹೇಳುವುದು ಅಂತ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನಾನಾದರೆ ಬಿಡುವುದಿಲ್ಲ.

ಒಟ್ಟಿಗೆ ಹೀಗೆ ಬರೆಯಬಹುದು:

"ಅಪ್ಪಾ, ಅವ್ವಾ, ಬೆಂಗಳೂರಿನ ಕಂಪನಿಯವರು ನೌಕರಿ ಕೊಡುತ್ತೇವೆ ಅಂತ ಬರೆದಿದ್ದಾರೆ. ನನ್ನ ಮೇಲೆ ವರ್ಷಕ್ಕೆ ಒಟ್ಟು 4,80,000 ಖರ್ಚು ಮಾಡುತ್ತಾರಂತೆ. ಅದರಲ್ಲಿ ಪಿಎಫ್, ಗ್ರಾಚ್ಯುಟಿ, ವರ್ಷದ ಕೊನೆಯ 48,000 ಎಲ್ಲ ಸೇರಿದೆ. ಆ 48,000 ಪೂರ್ತಿ ಸಿಗಬಹುದು, ಸಿಗದೆಯೂ ಇರಬಹುದು. ತಿಂಗಳಿಗೆ ಕೈಗೆ ಬರುವುದು ನನ್ನ ಲೆಕ್ಕದಲ್ಲಿ ಸುಮಾರು 31,300. ಸೇರುವುದು ಜುಲೈ 20, ಸೋಮವಾರ. ಒಪ್ಪಿಗೆ ಜೂನ್ 12ರೊಳಗೆ ಹೇಳಬೇಕು. ಈಗಿನ ಕೆಲಸ ಬಿಡಲು 30 ದಿನ ಮುಂಚೆ ತಿಳಿಸಬೇಕು, ಜೂನ್ 15ಕ್ಕೆ ತಿಳಿಸುತ್ತೇನೆ. ಹೊಸ ಕೆಲಸ ಬಿಡುವುದಾದರೆ ಮೊದಲ ಆರು ತಿಂಗಳಲ್ಲಿ 15 ದಿನ, ಖಾಯಂ ಆದ ಮೇಲೆ 60 ದಿನ ಮುಂಚೆ ಹೇಳಬೇಕು. ಅವರು ತೆಗೆಯುವುದಾದರೂ ಅಷ್ಟೇ. ನನ್ನ ಮಾರ್ಕ್ಸ್ ಕಾರ್ಡ್, ಹಳೆ ಕೆಲಸದ ಕಾಗದ ನೋಡಿ ಸರಿ ಅಂದ ಮೇಲೆ ಕೆಲಸ ಪಕ್ಕಾ."

ಇದರ ಕೆಳಗೆ ಮೂಲ ಇಂಗ್ಲಿಷ್ ಲೆಟರನ್ನೂ ಕಳಿಸಿ. ಊರಲ್ಲಿ ಓದಬಲ್ಲ ಯಾರಾದರೂ ತಾಳೆ ನೋಡಬಹುದು.