ಟೆಂಡರ್ ಹಾಕಿದ ಮೇಲೆ ಏನು ಕೇಳಬಹುದು?

‘ಟೆಂಡರ್ ಹಾಕಿ ಎರಡು ತಿಂಗಳಾಯ್ತು ಸರ್, ಆಫೀಸಿಗೆ ಒಂದು ಫೋನ್ ಮಾಡಲಾ?’ ಸಣ್ಣ ಗುತ್ತಿಗೆದಾರರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಮಾಡಬಹುದು, ಆದರೆ ಏನು ಕೇಳಬೇಕು ಅಂತ ಗೊತ್ತಿರಬೇಕು. ಸರ್ಕಾರಿ ಖರೀದಿಗೆ ಇರುವ ಕರ್ನಾಟಕದ ಕೆಟಿಪಿಪಿ ನಿಯಮಗಳ ಪ್ರಕಾರ ಟೆಂಡರ್ ತೆರೆದ ಮೇಲೆ ಆದೇಶ ಆಗುವವರೆಗೂ ಮೌಲ್ಯಮಾಪನ ಗೋಪ್ಯ. ಆ ಹೊತ್ತಿನಲ್ಲಿ ಅಧಿಕಾರಿಗಳ ಮೇಲೆ ಒತ್ತಡ ತರಲು ನೋಡಿದರೆ ಅನರ್ಹ ಮಾಡುವುದಕ್ಕೆ ಅದೊಂದೇ ಸಾಕು. ಹಾಗಾಗಿ ‘ನಮ್ಮದೇ ಕಡಿಮೆ ದರ, ಎಲ್-1 ಆಗುತ್ತಾ?’, ‘ಅವರ ಟರ್ನೋವರ್ ಸರ್ಟಿಫಿಕೇಟ್ ಒಪ್ಪಿದ್ರಾ?’ ಅಂತ ಬಾಯಿ ಬಿಡಬಾರದು.

ನೀವು ಧೈರ್ಯವಾಗಿ ಕೇಳಬಹುದಾದ ವಿಷಯ ಒಂದಿದೆ: ಬಿಡ್‌ನ ಸಿಂಧುತ್ವ ಅವಧಿ, ಅಂದರೆ ನೀವು ಹಾಕಿದ ದರ ಎಲ್ಲಿಯವರೆಗೆ ಊರ್ಜಿತ ಅನ್ನುವುದು. ದರಕ್ಕೆ ಬದ್ಧರಾಗಿ ಕೂತಿರುವವರು ನೀವೇ ಅಲ್ವಾ?

ಒಂದು ಉದಾಹರಣೆ ನೋಡೋಣ. ಶಾಲೆಗಳಿಗೆ ಸ್ಟೀಲ್ ಡೆಸ್ಕ್ ಪೂರೈಸುವ ಟೆಂಡರ್. ಸಲ್ಲಿಕೆಯ ಕೊನೆ ದಿನ ಜೂನ್ 10, ಅಲ್ಲಿಂದ 90 ದಿನ ಸಿಂಧುತ್ವ ಅಂದರೆ ಸೆಪ್ಟೆಂಬರ್ 8ರವರೆಗೆ. ಇಎಂಡಿಗೆ, ಅಂದರೆ ಬಿಡ್ ಜೊತೆ ಇಡುವ ಠೇವಣಿಗೆ, ಕೊಟ್ಟ ಬ್ಯಾಂಕ್ ಗ್ಯಾರಂಟಿ ಅದಕ್ಕೂ 45 ದಿನ ಮುಂದಕ್ಕೆ, ಅಕ್ಟೋಬರ್ 23ರವರೆಗೆ. (ಕೆಲವು ಟೆಂಡರ್‌ಗಳಲ್ಲಿ ಎಣಿಕೆ ಬಿಡ್ ತೆರೆದ ದಿನದಿಂದ ಶುರುವಾಗುತ್ತದೆ, ನಿಮ್ಮ ದಾಖಲೆ ಓದಿಕೊಳ್ಳಿ.) ಜುಲೈನಲ್ಲಿ ಸುಮ್ನಿರಿ, ಪೋರ್ಟಲ್ ಮಾತ್ರ ನೋಡುತ್ತಿರಿ. ಅವರೇ ಸ್ಪಷ್ಟೀಕರಣ ಕೇಳಿರಬಹುದು, ಅದಕ್ಕೆ ಉತ್ತರಿಸದೆ ಫೋನ್ ಮಾಡಿದರೆ ಮುಜುಗರ ನಿಮಗೇ. ಆಗಸ್ಟ್ ಎರಡನೇ ವಾರದಲ್ಲಿ ಟೆಂಡರ್ ಕರೆದ ಅಧಿಕಾರಿಗೇ ಹೀಗೆ ಬರೆಯಿರಿ:

‘ಮಾನ್ಯರೇ, ಮೇಲ್ಕಂಡ ಟೆಂಡರ್‌ಗೆ ನಾವು ಬಿಡ್ ಸಲ್ಲಿಸಿದ್ದೇವೆ. ಇದರ ಸಿಂಧುತ್ವ ಸೆಪ್ಟೆಂಬರ್ 8ಕ್ಕೆ ಮುಗಿಯುತ್ತದೆ. ಅವಧಿ ವಿಸ್ತರಣೆ ಬೇಕಾಗುವುದಾದರೆ ಬ್ಯಾಂಕ್ ಗ್ಯಾರಂಟಿ ನವೀಕರಿಸಲು ಸಮಯ ಬೇಕಾಗುವುದರಿಂದ ಮುಂಚಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.’

ಇಷ್ಟೇ ಸಾಕು. ನಮ್ಮ ಕಂಪನಿ ಅಷ್ಟು ದೊಡ್ಡದು, ಇಷ್ಟು ಅನುಭವ ಅಂತ ಒಂದು ಸಾಲು ಸೇರಿಸಿದರೂ ಅದು ಶಿಫಾರಸಿನ ಹಾಗೆ ಕಾಣುತ್ತದೆ. ದರದ ಮಾತಂತೂ ಬೇಡವೇ ಬೇಡ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ವಾರ ಬಿಟ್ಟು ವಿಷಯ ನಿರ್ವಾಹಕರಿಗೆ ಒಂದು ಫೋನ್ ಮಾಡಿ, ‘ನಮ್ಮ ಪತ್ರ ಕಡತಕ್ಕೆ ಬಂತಾ ಮೇಡಂ?’ ಅಂತ ಕೇಳಿದರೆ ಯಾರಿಗೂ ಕಿರಿಕಿರಿ ಆಗುವುದಿಲ್ಲ. ಕಡತ ಎಲ್ಲಿದೆ ಅನ್ನುವುದು ಎಷ್ಟೋ ಸಲ ಅವರೇ ಹೇಳಿಬಿಡುತ್ತಾರೆ. ಸಾಹೇಬರ ಮೊಬೈಲ್‌ಗೆ ರಾತ್ರಿ ವಾಟ್ಸಾಪ್ ಕಳಿಸುವುದು, ಪರಿಚಯದ ಕಾರ್ಪೊರೇಟರ್ ಕೈಲಿ ಹೇಳಿಸುವುದು ಬೇರೆಯೇ ಕಥೆ. ನಿಯಮ ಹೇಳುವ ಒತ್ತಡ ಅದೇ.

ಉತ್ತರವಾಗಿ ವಿಸ್ತರಣೆ ಪತ್ರ ಬಂದರೆ ಅವಸರಕ್ಕೆ ಸಹಿ ಹಾಕಬೇಡಿ. ಒಪ್ಪಿದರೆ ಹಳೇ ದರಕ್ಕೇ ಒಪ್ಪಿದಂತೆ, ಸ್ಟೀಲ್ ಬೆಲೆ ಏರಿದ್ದರೂ ಬದಲಿಸಲಾಗದು. ಒಪ್ಪದಿದ್ದರೆ ಸಾಮಾನ್ಯವಾಗಿ ಇಎಂಡಿ ಮುಟ್ಟುಗೋಲು ಆಗುವುದಿಲ್ಲ, ಸ್ಪರ್ಧೆಯಿಂದ ಹೊರಗೆ ಬರುತ್ತೀರಿ ಅಷ್ಟೇ.

ಟೆಂಡರ್ ಬೇರೆಯವರಿಗೆ ಆಯಿತು ಅನ್ನಿ. ಆಗ ‘ಯಾಕೆ’ ಅಂತ ನೇರವಾಗಿ ಕೇಳಬಹುದು, ಗೋಪ್ಯತೆಯ ಹಂತ ಮುಗಿದಿರುತ್ತದೆ. ಮೇಲ್ಮನವಿ ಹಾಕುವುದಿದ್ದರೆ ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ಆ ದಿನಗಳನ್ನು ಫೋನ್ ಮಾಡುತ್ತಾ ಕಳೆಯಬೇಡಿ.