ಜ್ವರದ ಸಿರಪ್: ಮಿಲಿಗ್ರಾಂನಿಂದ ಸಿರಿಂಜಿನ ಗೆರೆಯವರೆಗೆ

ಡಿ.ಫಾರ್ಮ್ ಓದುತ್ತಾ ಬಾಗಲಕೋಟೆಯ ಔಷಧ ಕೌಂಟರ್‌ಗಳಲ್ಲಿ ತರಬೇತಿಗೆ ನಿಲ್ಲುವವರಿಗೆ ಈ ಟಿಪ್ಪಣಿ. ಪ್ಯಾರಾಸಿಟಮಾಲ್ ಒಂದನ್ನೇ ತೆಗೆದುಕೊಂಡಿದ್ದೇನೆ, ಯಾಕೆಂದರೆ ಮಕ್ಕಳಿರುವ ಮನೆಯಲ್ಲಿ ಅದರ ಬಾಟ್ಲಿ ಇದ್ದೇ ಇರುತ್ತದೆ.

ಮಕ್ಕಳಿಗೆ ಒಂದು ಸಲಕ್ಕೆ ಕೊಡುವುದು ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಎರಡು ಡೋಸ್ ನಡುವೆ 4ರಿಂದ 6 ತಾಸು ಬಿಡಬೇಕು, ದಿನಕ್ಕೆ 4 ಸಲ ದಾಟಬಾರದು. ಇಷ್ಟು ಎಲ್ಲರಿಗೂ ಬಾಯಿಪಾಠ. ತೂಕ ನೋಡುವುದೂ ಸುಲಭ: ಮಗು ತಕ್ಕಡಿ ಮೇಲೆ ನಿಲ್ಲದಿದ್ದರೆ ತಾಯಿ ಎತ್ತಿಕೊಂಡು ನಿಲ್ಲಲಿ, ಆಮೇಲೆ ತಾಯಿಯೊಬ್ಬಳ ತೂಕ ಕಳೆಯಿರಿ.

ನನಗೆ ತಲೆಗೆ ಹತ್ತಲು ತಡವಾಗಿದ್ದು ಮುಂದಿನ ಹೆಜ್ಜೆ. ಲೆಕ್ಕ ಬರುವುದು ಮಿಲಿಗ್ರಾಂನಲ್ಲಿ, ತಾಯಿ ಅಳೆಯುವುದು ಮಿಲಿಲೀಟರ್‌ನಲ್ಲಿ. ನಡುವೆ ಇರುವುದು ಬಾಟ್ಲಿಯ ಸ್ಟ್ರೆಂತ್, ಅದು ಎಲ್ಲ ಬಾಟ್ಲಿಗೂ ಒಂದೇ ಅಲ್ಲ. ಲೇಬಲ್ ಮೇಲೆ 5 ಮಿ.ಲೀ.ಗೆ 120 ಅಂತ ಇರಬಹುದು, 125 ಇರಬಹುದು, 250 ಇರಬಹುದು. ಹನಿ ಔಷಧದಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಯಲ್ಲೇ 100 ಮಿ.ಗ್ರಾಂ. ಈ '5 ಮಿ.ಲೀ.ಗೆ' ಎಂಬುದನ್ನು ಮೊದಲು ಕಿತ್ತುಹಾಕಿ, 1 ಮಿ.ಲೀ.ಯಲ್ಲಿ ಎಷ್ಟಿದೆ ಅಂತ ಬರೆದುಕೊಳ್ಳಿ. 120 ಇದ್ದರೆ 24, 125 ಇದ್ದರೆ 25, 250 ಇದ್ದರೆ 50. ಬೇಕಾದ ಮಿಲಿಗ್ರಾಂ ಅನ್ನು ಇದರಿಂದ ಭಾಗಿಸಿದರೆ ಸಿಗುವುದೇ ಮಿ.ಲೀ.

ಮಗುವಿನ ತೂಕ 9.6 ಕೆ.ಜಿ. ಅನ್ನಿ. 15ರಿಂದ ಗುಣಿಸಿದರೆ 144 ಮಿ.ಗ್ರಾಂ. 120ರ ಬಾಟ್ಲಿಯಾದರೆ 144 ÷ 24, ಅಂದರೆ 6 ಮಿ.ಲೀ. 250ರದ್ದಾದರೆ 144 ÷ 50, ಅಂದರೆ 2.88. ಹನಿಯಾದರೆ ಬರೀ 1.4ರಷ್ಟು. ಈಗ ಅಪಾಯ ನೋಡಿ. ದೊಡ್ಡ ಮಗನಿಗೆ ತಂದಿದ್ದ 120ರ ಬಾಟ್ಲಿಯ '6' ಅವ್ವನ ನೆನಪಿನಲ್ಲಿ ಕೂತಿದೆ, ಈ ಸಲ ಕೈಗೆ ಬಂದದ್ದು 250. ಆರು ಮಿ.ಲೀ. ಕುಡಿಸಿದರೆ 300 ಮಿ.ಗ್ರಾಂ ಆಯಿತು, ಎರಡು ಪಟ್ಟು. ಅದೇ ಆರು ಹನಿ ಬಾಟ್ಲಿಯಿಂದ ಹೋದರೆ 600 ಮಿ.ಗ್ರಾಂ: ಇಡೀ ದಿನದ ನಾಲ್ಕು ಡೋಸಿಗಿಂತ ಹೆಚ್ಚು ಒಂದೇ ಗುಟುಕಿಗೆ. ಅದಕ್ಕೇ 'ಹೋದ ಸಲ ಎಷ್ಟು ಕೊಟ್ಟಿದ್ರಿ?' ಅಂತ ಕೇಳಿ ಸುಮ್ಮನಾಗಬೇಡಿ, 'ಯಾವ ಬಾಟ್ಲಿಯಿಂದ?' ಅಂತಲೂ ಕೇಳಿ.

ನನ್ನ ಮೆಚ್ಚಿನ ಅಡ್ಡದಾರಿ: 250ರ ಸಿರಪ್‌ಗೆ ತೂಕ × 0.3, 125ಕ್ಕೆ ತೂಕ × 0.6, ಹನಿಗೆ ತೂಕ × 0.15. ಉತ್ತರ ನೇರ ಮಿ.ಲೀ.ಯಲ್ಲೇ ಬರುತ್ತದೆ. ಇದು ಪ್ಯಾರಾಸಿಟಮಾಲ್‌ಗೆ, ಅದೂ ಕೆ.ಜಿ.ಗೆ 15 ಹಿಡಿದಾಗ ಮಾತ್ರ. ಆ್ಯಂಟಿಬಯಾಟಿಕ್‌ಗೆ ಹಚ್ಚಲೇಬೇಡಿ. ಅಲ್ಲಿ ಅನೇಕ ಸಲ ಇಡೀ ದಿನದ ಪ್ರಮಾಣ ಬರೆದಿರುತ್ತಾರೆ, ಅದನ್ನು ಎರಡೋ ಮೂರೋ ಸಲಕ್ಕೆ ಹಂಚಬೇಕು.

ಇನ್ನು ಅಳತೆ. 'ಅರ್ಧ ಚಮಚಾ ಕುಡಸ್ಬೇಕೇನ್ರಿ ಅಣ್ಣಾರ?' ಅಂತ ಕೇಳುತ್ತಾರೆ. ಮನೆಯ ಚಹಾ ಚಮಚ ಒಂದರಂತೆ ಒಂದಿರುವುದಿಲ್ಲ. ಒಂದರಲ್ಲಿ 3 ಮಿ.ಲೀ. ಹಿಡಿದರೆ ಇನ್ನೊಂದರಲ್ಲಿ 7 ಹಿಡಿದೀತು. ಬಾಟ್ಲಿ ಜೊತೆ ಬರುವ ಅಳತೆ ಮುಚ್ಚಳ 5 ಮಿ.ಲೀ.ಗೆ ನಡೆಯುತ್ತದೆ, 2.88ಕ್ಕೆ ನಡೆಯುವುದಿಲ್ಲ. ಸೂಜಿ ತೆಗೆದ 5 ಮಿ.ಲೀ. ಸಿರಿಂಜ್ ಕೊಡಿ. ಅದರ ಒಂದೊಂದು ಸಣ್ಣ ಗೆರೆ 0.2. ಹಾಗಾಗಿ 2.88 ಅನ್ನು ಕೆಳಗಿನ ಗೆರೆಗೆ, 2.8ಕ್ಕೆ ಇಳಿಸಿ: 3ಕ್ಕಿಂತ ಒಂದು ಗೆರೆ ಹಿಂದೆ. ಓದಬೇಕಾದದ್ದು ರಬ್ಬರಿನ ಮುಂದಿನ ಉಂಗುರದ ಅಂಚನ್ನು, ಮೊನೆಯನ್ನಲ್ಲ. ಗುಳ್ಳೆ ಇದ್ದರೆ ಬಾಯಿ ಮೇಲೆ ಮಾಡಿ ತಟ್ಟಿ ಹೊರಗೆ ತಳ್ಳಬೇಕು, ಇಲ್ಲವಾದರೆ ಗಾಳಿಯಷ್ಟು ಔಷಧ ಕಮ್ಮಿ ಬೀಳುತ್ತದೆ.

ಗೆರೆಯ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ, 'ಅಕ್ಕಾರ, ಈ ಗೆರಿ ಮಟಾ ಎಳೀರಿ, ಒಂದ್ ಸಲಕ್ಕ ಇಷ್ಟ' ಅನ್ನಿ. ಆಮೇಲೆ ಲೋಟದ ನೀರಿನಲ್ಲಿ ಅವರೇ ಎಳೆದು ತೋರಿಸಲಿ. ತಲೆ ಅಲ್ಲಾಡಿಸಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಡಿಸುವ ಮೊದಲು ಬಾಟ್ಲಿ ಅಲುಗಾಡಿಸಬೇಕು. ಮಗುವನ್ನು ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ನಿಧಾನ ಬಿಡಬೇಕು. ನೆಗಡಿಯ ಸಿರಪ್ ಜೊತೆಗಿದ್ದರೆ ಅದರ ಲೇಬಲ್ ಓದಿ, ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ ಬಹಳ ಸಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಲೆಕ್ಕ ಮಾಡದೆ ನೇರ ಡಾಕ್ಟರ ಹತ್ತಿರ ಕಳಿಸಿ.

ಅಳತೆ ತಪ್ಪಿದೆಯಾ ಅಂತ ತಿಳಿಯಲು ಬಾಟ್ಲಿಯನ್ನೇ ನೋಡಬಹುದು. 2.8ರಂತೆ ದಿನಕ್ಕೆ ನಾಲ್ಕು ಸಲ ಅಂದರೂ 11.2 ಮಿ.ಲೀ., 60ರ ಬಾಟ್ಲಿ ಐದು ದಿನ ದಾಟುತ್ತದೆ. ಎರಡೇ ದಿನಕ್ಕೆ 'ಖಾಲಿ ಆತ್ರಿ, ಇನ್ನೊಂದ ಕೊಡ್ರಿ' ಅಂತ ಬಂದರೆ ಹೊಸ ಬಾಟ್ಲಿ ಕೊಡಬೇಡಿ. ಚೆಲ್ಲಿತೋ, ಬೇರೆ ಮಗುವಿಗೂ ಕೊಟ್ಟರೋ ಅಂತ ಕೇಳಿ, ಮನೆಯಲ್ಲಿ ಯಾವುದರಲ್ಲಿ ಅಳೆದರು ಅಂತ ತೋರಿಸಲು ಹೇಳಿ. ಎರಡೂ ಅಲ್ಲವಾದರೆ ಮಗು ಆರಾಮಾಗಿ ಕಂಡರೂ ಅದೇ ಹೊತ್ತಿಗೆ ಡಾಕ್ಟರಿಗೆ ತೋರಿಸಬೇಕು, ಯಾಕೆಂದರೆ ಹೆಚ್ಚಾದ ಪ್ಯಾರಾಸಿಟಮಾಲ್ ಲಿವರ್‌ಗೆ ಮಾಡುವ ಹಾನಿ ಮೊದಲ ದಿನ ಹೊರಗೆ ಕಾಣಿಸದೇ ಇರಬಹುದು.