ಹಸಿರು ಅಂಕಿ 96,400, ಕೈಗೆ ಬಂದದ್ದು 20,249

ಜೂನ್ ತಿಂಗಳಲ್ಲಿ ಬಸವನಗುಡಿಯ ನಮ್ಮ ಆಫೀಸಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಮೊದಲು ಮೊಬೈಲ್ ತೋರಿಸುತ್ತಾರೆ, ಆಮೇಲೆ ಫಾರ್ಮ್ 16 ಕೊಡುತ್ತಾರೆ. ಕಳೆದ ವರ್ಷ ಬೆಳ್ಳಂದೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗನೂ ಹಾಗೇ ಮಾಡಿದ. ಆ್ಯಪ್‌ನಲ್ಲಿ 2024-25ರ ಷೇರು ವಹಿವಾಟಿನ ಲಾಭ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು: 96,400 ರೂಪಾಯಿ.

"ಸರ್, ಹತ್ತಿರ ಹತ್ತಿರ ಒಂದು ಲಕ್ಷ. ಇದಕ್ಕೆ ಎಷ್ಟು ಟ್ಯಾಕ್ಸ್ ಬರುತ್ತೆ?"

"ಟ್ಯಾಕ್ಸ್ ಆಮೇಲೆ ನೋಡೋಣ. ಮೊದಲು ಲಾಭ ಎಷ್ಟು ಅಂತ ಹುಡುಕೋಣ" ಅಂದೆ. ಅವನ ಮುಖದಲ್ಲಿ ಸಣ್ಣ ಗೊಂದಲ. ಲಾಭ ಅಲ್ಲೇ ಕಾಣ್ತಿದೆಯಲ್ಲ!

ಕಾಣುತ್ತಿದ್ದದ್ದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ ಮಾತ್ರ. ಖರ್ಚು ಅದರಲ್ಲಿ ಕಳೆದಿರುವುದಿಲ್ಲ. ಬ್ರೋಕರ್ ಕಳಿಸುವ ವರ್ಷದ ಸ್ಟೇಟ್‌ಮೆಂಟನ್ನು ಎಕ್ಸೆಲ್‌ನಲ್ಲಿ ಡೌನ್‌ಲೋಡ್ ಮಾಡಿದರೆ ಚಾರ್ಜಸ್ ಅನ್ನೋ ಭಾಗ ಬೇರೆಯೇ ಇರುತ್ತದೆ. ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಈ ಹುಡುಗನದು ಬರೀ ಇಂಟ್ರಾಡೇ, ಕೊಂಡದ್ದನ್ನು ಅದೇ ದಿನ ಮಾರುವುದು. ದಿನಕ್ಕೆ ನಾಲ್ಕು ಸಲ ಕೊಂಡು ಮಾರುವುದು, ವರ್ಷದಲ್ಲಿ 220 ದಿನ. ಅಂದರೆ 880 ವ್ಯವಹಾರ, 1,760 ಆರ್ಡರ್. ಒಂದೊಂದು ಆರ್ಡರ್ ಸುಮಾರು ಒಂದು ಲಕ್ಷದ್ದು. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಇಲ್ಲಿ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಒಂದೇ ಒಂದು ವ್ಯವಹಾರವನ್ನು ಬಿಡಿಸಿ ನೋಡಿದರೆ ಇಡೀ ವರ್ಷದ ಕಥೆ ಗೊತ್ತಾಗುತ್ತದೆ. ಒಂದು ಲಕ್ಷಕ್ಕೆ ಕೊಂಡು, ಹೆಚ್ಚುಕಮ್ಮಿ ಅಷ್ಟಕ್ಕೇ ಮಾರಿದ ಅಂತಿಟ್ಟುಕೊಳ್ಳಿ. ಅವನ ಬ್ರೋಕರ್ ಆರ್ಡರಿಗೆ 20 ರೂಪಾಯಿ ತೆಗೆದುಕೊಳ್ಳುತ್ತಾರೆ, ಎರಡಕ್ಕೆ 40. ಮಾರುವಾಗ ಎಸ್‌ಟಿಟಿ ಅನ್ನೋ ಷೇರು ವಹಿವಾಟಿನ ತೆರಿಗೆ ಶೇ 0.025, ಅದು 25 ರೂಪಾಯಿ. ಎಕ್ಸ್‌ಚೇಂಜಿನ ವಹಿವಾಟು ಶುಲ್ಕ ಎರಡೂ ಕಡೆ ಸೇರಿ ಸುಮಾರು 6. ಕೊಳ್ಳುವಾಗಿನ ಸ್ಟ್ಯಾಂಪ್ ಡ್ಯೂಟಿ 3. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಶುಲ್ಕ ಕೋಟಿಗೆ 10 ರೂಪಾಯಿ ಅಷ್ಟೇ, ಇಲ್ಲಿ ಇಪ್ಪತ್ತು ಪೈಸೆ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಸೆಬಿ ಶುಲ್ಕ ಈ ಮೂರರ ಮೇಲೆ ಶೇ 18 ಜಿಎಸ್‌ಟಿ, ಎಂಟು ರೂಪಾಯಿ ಚಿಲ್ಲರೆ. ಒಟ್ಟು ಹತ್ತಿರ ಹತ್ತಿರ 83 ರೂಪಾಯಿ.

ಈಗ ಹಸಿರು ಅಂಕಿಯನ್ನು 880ರಿಂದ ಭಾಗಿಸಿ. ಒಂದು ವ್ಯವಹಾರಕ್ಕೆ ಸರಾಸರಿ 110 ರೂಪಾಯಿ. ಅದರಲ್ಲಿ 83 ಹೋದರೆ ಉಳಿಯುವುದು 27. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 500 ರೂಪಾಯಿಯ ಷೇರು 41 ಪೈಸೆ ಮೇಲೆ ಹೋದರೂ ಇವನಿಗೆ ಬಂದದ್ದು ಸೊನ್ನೆ. ಆ್ಯಪ್ ಮಾತ್ರ ಅದನ್ನು ಲಾಭ ಅಂತ ಹಸಿರಿನಲ್ಲಿ ತೋರಿಸುತ್ತದೆ.

ವರ್ಷದ ಚಾರ್ಜಸ್ ಕೂಡಿದಾಗ 72,756 ಬಂತು. 96,400ರಲ್ಲಿ ಕಳೆದರೆ 23,644. ಹುಡುಗ ಕಾಫಿ ಲೋಟ ಕೆಳಗಿಟ್ಟ.

ಇಷ್ಟಕ್ಕೆ ಮುಗಿಯಲಿಲ್ಲ. ಕೆಲವು ಖರ್ಚು ದಿನದ ವ್ಯವಹಾರದ ಬಿಲ್ಲಾದ ಕಾಂಟ್ರಾಕ್ಟ್ ನೋಟಿನಲ್ಲಿ ಬರುವುದಿಲ್ಲ, ಖಾತೆಯ ಜಮಾ-ಖರ್ಚು ಬರೆಯುವ ಲೆಡ್ಜರಿಗೆ ನೇರ ಬೀಳುತ್ತವೆ. ಸ್ಟೇಟ್‌ಮೆಂಟಿನಲ್ಲಿ "ಇತರೆ ಡೆಬಿಟ್" ಅಂತ ಎಲ್ಲೋ ಮೂಲೆಯಲ್ಲಿ ಕೂತಿರುತ್ತವೆ. ಇವನದರಲ್ಲಿ 59 ರೂಪಾಯಿಯ ಡೆಬಿಟ್ 31 ಸಲ ಇತ್ತು. ಏನಪ್ಪಾ ಇದು ಅಂತ ತಾರೀಕು ಹಿಡಿದು ನೋಡಿದರೆ, ಮಧ್ಯಾಹ್ನ ಮೂರೂ ಕಾಲರ ಹೊತ್ತಿಗೆ ಇವನು ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದ ದಿನಗಳು. ತಾನೇ ಮಾರದ್ದಕ್ಕೆ ಬ್ರೋಕರ್ ಕಡೆಯಿಂದಲೇ ಷೇರು ಮಾರಿ ಪೊಸಿಷನ್ ಮುಚ್ಚಿದ್ದರು. ಅದಕ್ಕೆ 50 ರೂಪಾಯಿ, ಮೇಲೆ ಜಿಎಸ್‌ಟಿ. ಅದೇ 1,829 ಆಯಿತು. ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ 354, ಖಾತೆ ಮೈನಸ್‌ಗೆ ಹೋದ ದಿನಗಳ ಬಡ್ಡಿ 1,212. ಇವೆಲ್ಲ ಕಳೆದ ಮೇಲೆ ನಿಜವಾಗಿ ಉಳಿದದ್ದು 20,249.

ಈ ಅಂಕಿ ಸರಿಯಾ ಅಂತ ಹೇಗೆ ಗೊತ್ತಾಗಬೇಕು? ನಾನು ಸ್ಟೇಟ್‌ಮೆಂಟನ್ನು ನಂಬುವುದಕ್ಕಿಂತ ಲೆಡ್ಜರನ್ನು ನಂಬುತ್ತೇನೆ. ಏಪ್ರಿಲ್ ಮೊದಲ ದಿನ ಟ್ರೇಡಿಂಗ್ ಖಾತೆಯಲ್ಲಿ ಇದ್ದದ್ದು 2,00,000. ನಡುವೆ ಹಾಕಿದ್ದು 50,000. ಬ್ಯಾಂಕಿಗೆ ವಾಪಸ್ ಹೋದದ್ದು 80,000. ಲಾಭ 20,249 ಸೇರಿಸಿದರೆ ಮಾರ್ಚ್ ಕೊನೆಗೆ 1,90,249 ಇರಬೇಕು. ಲೆಡ್ಜರಿನಲ್ಲಿ ಅಷ್ಟೇ ಇತ್ತು. ಕೂಡಿ ಬರದೇ ಹೋದರೆ ಎಲ್ಲೋ ಒಂದು ಡೆಬಿಟ್ ಬಿಟ್ಟುಹೋಗಿದೆ ಅಂತಲೇ ಅರ್ಥ.

ಇಲ್ಲಿ ಹುಡುಗ ಒಂದು ಕಡೆ ಎಡವಿದ್ದ. "ನಾನು ತೆಗೆದದ್ದು ಬರೀ 45,000 ಸರ್" ಅಂತ ಹಟ ಹಿಡಿದ. ಉಳಿದ 35,000 ಬ್ರೋಕರೇ ಬ್ಯಾಂಕಿಗೆ ಕಳಿಸಿದ್ದು. ಸುಮ್ನೆ ಬಿದ್ದಿರುವ ಹಣವನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಗ್ರಾಹಕರ ಖಾತೆಗೆ ವಾಪಸ್ ಹಾಕಲೇಬೇಕು ಅಂತ ಸೆಬಿ ನಿಯಮ ಇದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಷೇರಿನಲ್ಲೇ ಹಣ ಕರಗಿತು ಅಂದುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದೇ ದಿನ ಮಾರದೆ ಡೆಲಿವರಿ ಷೇರು ಇಟ್ಟುಕೊಂಡವರಿಗೆ ಈ ತಾಳೆ ಇಷ್ಟು ಸಲೀಸಾಗಿ ಆಗುವುದಿಲ್ಲ. ಕೈಯಲ್ಲಿರುವ ಷೇರಿಗೆ ಕೊಟ್ಟ ದುಡ್ಡನ್ನೂ ಸೇರಿಸಬೇಕು.

ಈಗ ಅವನು ಕೇಳಿದ ಟ್ಯಾಕ್ಸಿಗೆ ಬರೋಣ. ಇಂಟ್ರಾಡೇ ಲಾಭ ಸ್ಪೆಕ್ಯುಲೇಷನ್ ವ್ಯಾಪಾರದ ಆದಾಯ. ಸಂಬಳದ ಜೊತೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಇವನದು ಶೇ 30ರ ಸ್ಲ್ಯಾಬ್, ಸೆಸ್ ಸೇರಿ 31.2. ವ್ಯಾಪಾರ ಆದ್ದರಿಂದ ಬ್ರೋಕರೇಜ್, ಎಸ್‌ಟಿಟಿ, ಬಡ್ಡಿ ಎಲ್ಲವನ್ನೂ ಖರ್ಚಾಗಿ ಕಳೆಯಬಹುದು. 20,249ಕ್ಕೆ ತೆರಿಗೆ 6,318. ಕೊನೆಗೆ ಜೇಬಿಗೆ 13,931.

ಹಸಿರು ಅಂಕಿಯನ್ನೇ ರಿಟರ್ನ್‌ನಲ್ಲಿ ತುಂಬಿದ್ದರೆ? 96,400ಕ್ಕೆ ತೆರಿಗೆ 30,077. ಗಳಿಸಿದ್ದು 20 ಸಾವಿರ, ತೆರಿಗೆ 30 ಸಾವಿರ! ಅದರ ಹಿಂದಿನ ವರ್ಷ ರಿಟರ್ನ್ ತಾನೇ ತುಂಬಿದ್ದನಂತೆ. ಯಾವ ಅಂಕಿ ಹಾಕಿದ್ದೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಡೆಲಿವರಿಯಲ್ಲಿ ಷೇರು ಕೊಂಡು ಹೂಡಿಕೆ ಅಂತ ಇಟ್ಟು, ಆಮೇಲೆ ಮಾರಿದವರಿಗೆ ನಿಯಮ ಬೇರೆ. ಅದು ಕ್ಯಾಪಿಟಲ್ ಗೇನ್ಸ್. ಅಲ್ಲಿ ಬ್ರೋಕರೇಜ್ ಕಳೆಯಬಹುದು, ಎಸ್‌ಟಿಟಿ ಕಳೆಯುವ ಹಾಗಿಲ್ಲ. ಡೆಲಿವರಿಗೆ ಎಸ್‌ಟಿಟಿ ಕೊಳ್ಳುವಾಗಲೂ ಮಾರುವಾಗಲೂ ಶೇ 0.1, ಸಣ್ಣ ಮೊತ್ತವೇನಲ್ಲ. ಕೆಲವು ಸ್ಟೇಟ್‌ಮೆಂಟುಗಳಲ್ಲಿ ಎರಡೂ ಬಗೆಯ ಚಾರ್ಜಸ್ ಒಟ್ಟಿಗೇ ಕೂಡಿಸಿರುತ್ತಾರೆ. ಎರಡನ್ನೂ ಮಾಡುವವರು ಮೊದಲು ಅದನ್ನು ಬೇರ್ಪಡಿಸಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಹೊರಡುವ ಮುಂಚೆ ಹುಡುಗ ಕೇಳಿದ: "ಸರ್, ಬ್ರೋಕರೇಜೇ ಇಲ್ಲದ ಕಡೆ ಹೋದರೆ ಸರಿಹೋಗುತ್ತೆ ಅಲ್ವಾ?"

ಕ್ಯಾಲ್ಕುಲೇಟರ್ ಅವನ ಕಡೆ ತಳ್ಳಿದೆ. ಬ್ರೋಕರೇಜ್ 35,200, ಅದರ ಮೇಲಿನ ಜಿಎಸ್‌ಟಿ 6,336. ಎರಡನ್ನೂ 72,756ರಲ್ಲಿ ಕಳೆದ. 31,220 ಇನ್ನೂ ಉಳಿದಿತ್ತು. ಅದು ಸರ್ಕಾರ, ಎಕ್ಸ್‌ಚೇಂಜ್, ಸೆಬಿಗೆ ಹೋಗುವ ದುಡ್ಡು, ಯಾವ ಬ್ರೋಕರ್ ಹತ್ತಿರ ಹೋದರೂ ಕೊಡಬೇಕಾದದ್ದು. ಅದನ್ನು 880ರಿಂದ ಭಾಗಿಸಿ ಅವನೇ ಓದಿದ: "ಮೂವತ್ತೈದು ರೂಪಾಯಿ ನಲವತ್ತೆಂಟು ಪೈಸೆ." ಆಮೇಲೆ ಹೋದ ವರ್ಷದ ರಿಟರ್ನ್ ತಿದ್ದಲು ಇನ್ನೂ ಅವಕಾಶ ಇದೆಯಾ ಅಂತ ಕೇಳಿದ.